ಪ್ರಬಂಧ ಏಕತಾನವಾಗಿದ್ದರೆ ವಾಕ್ಯದ ಎರಡೂ ತುದಿ ನೋಡಿ

ಹಾಸನದ ನಮ್ಮ ಬೀದಿಯ ಹುಡುಗಿಯೊಬ್ಬಳು ಬೇಲೂರಿನ ಬಗ್ಗೆ ಬರೆದ ಪ್ರಬಂಧ ತಂದಿದ್ದಳು. ಮಾಹಿತಿ ಸರಿಯಿತ್ತು, ಓದಿದರೆ ಮಾತ್ರ ಮಗ್ಗಿ ಒಪ್ಪಿಸಿದಂತಿತ್ತು:

"ಈ ದೇವಾಲಯ ಬೇಲೂರಿನಲ್ಲಿದೆ. ಈ ದೇವಾಲಯ ಯಗಚಿ ನದಿಯ ದಡದಲ್ಲಿದೆ. ಈ ದೇವಾಲಯವನ್ನು ವಿಷ್ಣುವರ್ಧನ ಕಟ್ಟಿಸಿದನು. ಈ ದೇವಾಲಯದ ಸೂರಿನ ಕೆಳಗೆ ಮದನಿಕೆಯರ ಶಿಲ್ಪಗಳಿವೆ."

ಪ್ರತಿ ವಾಕ್ಯದ ಮೊದಲ ಪದ, ಕೊನೆಯ ಪದ, ಒಟ್ಟು ಪದಗಳ ಸಂಖ್ಯೆಯನ್ನು ಬೇರೆ ಹಾಳೆಯಲ್ಲಿ ಬರೆಯಲು ಹೇಳಿದೆ. ನಾಲ್ಕು "ಈ" ಕಂಡವು. ಅವಳು ಗಮನಿಸದೇ ಇದ್ದದ್ದು ಕೊನೆಯ "ಇದೆ, ಇದೆ, ಇವೆ". ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರುವುದರಿಂದ ಆರಂಭವನ್ನಷ್ಟೇ ಬದಲಿಸಿದರೆ ಏಕತಾನ ಹೋಗುವುದಿಲ್ಲ.

ತಿದ್ದಿದ ಮೇಲೆ ಹೀಗಾಯಿತು: "ಯಗಚಿಯ ದಡದ ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ ದೇವಾಲಯವಿದು. ಸೂರಿನ ಕೆಳಗೆ ಮದನಿಕೆಯರು."

"ಕಟ್ಟಿಸಿದನು" ಎಂಬುದು "ಕಟ್ಟಿಸಿದ" ಆದಾಗ ಮೂರು ವಾಕ್ಯ ಒಂದಾದವು. ಎರಡನೆಯದರಲ್ಲಿ ಕ್ರಿಯಾಪದವೇ ಇಲ್ಲ, ಕನ್ನಡ ಅದನ್ನು ಧಾರಾಳವಾಗಿ ಒಪ್ಪುತ್ತದೆ. ಉದ್ದ ವಾಕ್ಯದ ಬೆನ್ನಿಗೆ ಬಂದ ಗಿಡ್ಡ ವಾಕ್ಯದ ಮೇಲೆ ಕಣ್ಣು ತಾನಾಗಿ ನಿಲ್ಲುತ್ತದೆ. ಆದ್ದರಿಂದ ಮುಖ್ಯವಾದುದನ್ನು ಅಲ್ಲಿಡಿ.

ಹುರುಪಿನಲ್ಲಿ ಅವಳು ಮುಂದಿನ ಪುಟದಲ್ಲಿ "ನೋಡಿ, ಬರೆದು, ಕೇಳಿ, ತಿಳಿದು" ಎಂದು ಕೃದಂತಗಳ ಸರಪಳಿಯನ್ನೇ ಹೆಣೆದಳು. ಗಟ್ಟಿಯಾಗಿ ಓದಿಸಿದೆ. ಉಸಿರು ಕಟ್ಟಿದಲ್ಲೇ ವಾಕ್ಯ ಮುರಿದೆವು. ಇನ್ನೊಂದು ಕಡೆ ಎಲ್ಲದಕ್ಕೂ "ಹೀಗಾಗಿ", "ಅಲ್ಲದೆ" ಅಂಟಿಸಿದ್ದಳು, ಅದೂ ಹೊಸ ಮಗ್ಗಿಯೇ. ಬೇಕೆಂದೇ ಒತ್ತಿಗಾಗಿ ಮತ್ತೆ ಬಳಸಿದ ಪದವಿದ್ದರೆ ಅದನ್ನು ಮುಟ್ಟಬೇಡಿ.