ಸಮುದಾಯ ಭವನದ ವರದಿಗೆ ಒಂದು ಪುಟದ ಕವರ್ ನೋಟ್

ನಮ್ಮ ಬಡಾವಣೆಯ ಸಂಘಕ್ಕೆ ಸಮುದಾಯ ಭವನದ ಸಾಧ್ಯತಾ ವರದಿ ಬಂದಾಗ ಅದು ಅರವತ್ತು ಪುಟ ಇತ್ತು. ಮೇಲಿನ ಕವರ್ ನೋಟ್‌ನಲ್ಲಿ "ವರದಿ ಲಗತ್ತಿಸಿದೆ, ದಯವಿಟ್ಟು ಪರಿಶೀಲಿಸಿ" ಎಂದಷ್ಟೇ ಇತ್ತು. ಯಾರೂ ಓದಲಿಲ್ಲ. ಮೂರು ಸಭೆಗಳು ಪಾರ್ಕಿಂಗ್ ಮಾತಿನಲ್ಲೇ ಕಳೆದವು.

ಕವರ್ ನೋಟ್‌ನ ಮೊದಲ ಸಾಲಿನಲ್ಲೇ ಸಮಿತಿ ಏನು ತೀರ್ಮಾನಿಸಬೇಕು ಎಂದು ಬರೆಯಿರಿ. "ನಕ್ಷೆ ಮಂಜೂರಾತಿಗೆ ಅರ್ಜಿ ಹಾಕಲು ಒಪ್ಪಿಗೆ ಕೊಡಿ" ಎಂದರೆ ಸಾಕು. ಕಟ್ಟಬೇಕೇ ಬೇಡವೇ ಅನ್ನೋ ಪ್ರಶ್ನೆಯನ್ನು ಅದರ ಜೊತೆ ಬೆರೆಸಬೇಡಿ.

ಆಮೇಲೆ ಜಾಗದ ಬಗ್ಗೆ ಎರಡು ಸಾಲು. ಬಿಡಿಎಯಿಂದ ಗುತ್ತಿಗೆಗೆ ಪಡೆದ, ನಾಗರಿಕ ಸೌಲಭ್ಯಕ್ಕೆ ಮೀಸಲಾದ ಸಿಎ ಸೈಟ್ ಆದರೆ ಯಾವ ಉದ್ದೇಶಕ್ಕೆ ಮಂಜೂರಾಗಿದೆ ಎಂದು ಹೇಳಲೇಬೇಕು. ಆಟದ ಮೈದಾನಕ್ಕೆ ಕೊಟ್ಟ ಜಾಗದಲ್ಲಿ ಭವನ ಕಟ್ಟಲು ಆಗುವುದಿಲ್ಲ.

ಜನ ಎಡವುವುದು ದುಡ್ಡಿನ ಪ್ಯಾರಾದಲ್ಲಿ. ವರದಿಯ ಅಂದಾಜು 1 ಕೋಟಿ ಎಂದಿಟ್ಟುಕೊಳ್ಳಿ. ಅದರಲ್ಲಿ ಜಿಎಸ್‌ಟಿ ಸೇರಿದೆಯೇ ನೋಡಿ. ಸೇರಿಲ್ಲದಿದ್ದರೆ ಶೇ. 18ರಂತೆ ಇನ್ನೂ 18 ಲಕ್ಷ. ಸಂಘದ ಖಾತೆಯಲ್ಲಿ 45 ಲಕ್ಷ ಇದ್ದರೆ ಹೊಂದಿಸಬೇಕಾದದ್ದು 73 ಲಕ್ಷ. ನೋಟ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು ಈ 73 ಲಕ್ಷ, ಆ 1 ಕೋಟಿ ಅಲ್ಲ.

ಇನ್ನು ವರಮಾನ. ವರ್ಷಕ್ಕೆ 120 ದಿನ ಬುಕಿಂಗ್, ದಿನಕ್ಕೆ 15 ಸಾವಿರ, ಒಟ್ಟು 18 ಲಕ್ಷ ಎಂದು ವರದಿ ಹೇಳಬಹುದು. ಹಾಗೇ ನಕಲು ಮಾಡಬೇಡಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ನಮ್ಮಲ್ಲಿ ಮದುವೆ ಮಾಡುವವರು ತೀರಾ ಕಡಿಮೆ, ಅಲ್ವಾ? ಎರಡೂವರೆ ತಿಂಗಳು ಅಲ್ಲೇ ಹೋಯಿತು. ಉಳಿದ ದಿನಗಳಲ್ಲೂ ಮುಹೂರ್ತ ಇದ್ದ ದಿನವೇ ಎಲ್ಲರೂ ಕೇಳುತ್ತಾರೆ. ಒಂದು ಹಾಲ್ ಒಂದು ದಿನಕ್ಕೆ ಒಬ್ಬರಿಗೇ.

ಅದಕ್ಕೇ ಲೆಕ್ಕವನ್ನು ತಿರುಗಿಸಿ ಬರೆಯಿರಿ. ವಾಚ್‌ಮನ್, ಕರೆಂಟು, ನೀರು, ಸ್ವಚ್ಛತೆ, ದುರಸ್ತಿ ಸೇರಿ ವರ್ಷಕ್ಕೆ 7 ಲಕ್ಷ ಖರ್ಚಾದರೆ, 47 ದಿನ ಬುಕ್ ಆಗಲೇಬೇಕು. 60 ದಿನ ಸಿಕ್ಕರೆ ಉಳಿಯುವುದು 2 ಲಕ್ಷ. ಸಾಲ ತಂದರೆ ಅದರ ಕಂತನ್ನು ಈ 2 ಲಕ್ಷದಲ್ಲೇ ಕಟ್ಟಬೇಕು. ಸಮಿತಿಯವರಿಗೆ "ವರಮಾನ 18 ಲಕ್ಷ" ಎನ್ನುವುದಕ್ಕಿಂತ "47 ದಿನ ತುಂಬಿಸಬಲ್ಲೆವಾ?" ಎನ್ನುವ ಪ್ರಶ್ನೆ ಬೇಗ ಅರ್ಥವಾಗುತ್ತದೆ. ಹತ್ತಿರದ ಎರಡು ಕಲ್ಯಾಣ ಮಂಟಪಗಳಲ್ಲಿ ಹೋದ ವರ್ಷದ ಬುಕಿಂಗ್ ಕೇಳಿ, ಆ ಸಂಖ್ಯೆಯನ್ನೂ ಪಕ್ಕದಲ್ಲಿ ಹಾಕಿ.

ಮುದ್ರಣದಂಗಡಿಯ ರೆಡಿಮೇಡ್ ನಮೂನೆ ಬಳಸಬೇಡಿ. ಅದರಲ್ಲಿ ಅರ್ಧ ಪುಟ ಸುಮ್ನೆ ಮಾನ್ಯರೇ, ವಂದನೆಗಳಲ್ಲೇ ಹೋಗುತ್ತದೆ.

ಪ್ರತಿ ಅಂಕಿಯ ಮುಂದೆ ವರದಿಯ ಪುಟ ಸಂಖ್ಯೆ ಹಾಕಿ. ವರದಿ ಓದದ ಒಬ್ಬ ಸದಸ್ಯರಿಗೆ ನೋಟ್ ಕೊಟ್ಟು, "ನಿಮ್ಮಿಂದ ಏನು ಕೇಳ್ತಿದ್ದೀವಿ ಹೇಳಿ" ಎನ್ನಿ. ಅವರು ಒಂದೇ ವಾಕ್ಯದಲ್ಲಿ ಹೇಳಿದರೆ ಸಹಿ ಹಾಕಿ, ಸಭೆಗೆ ಒಂದು ವಾರ ಮೊದಲೇ ಕಳಿಸಿ.