ಓಡುವ ಗಡಿಯಾರವಿಲ್ಲದ ಫ್ಲ್ಯಾಶ್ ಸೇಲ್: ಬಿದರಿ ಡಬ್ಬಿಗಳನ್ನು ಮಾರಿದ ನನ್ನ ಅನುಭವ

ಪರದೆಯ ಮೂಲೆಯಲ್ಲಿ ಗಡಿಯಾರ ಓಡಬೇಕು, ‘ಇನ್ನು ಎರಡೇ ಉಳಿದಿವೆ’ ಎಂದು ಕೂಗಬೇಕು, ಇಲ್ಲದಿದ್ದರೆ ಕೆಲವೇ ಗಂಟೆ ಕಡಿಮೆ ಬೆಲೆಗೆ ಮಾರುವ ಫ್ಲ್ಯಾಶ್ ಸೇಲಿನ ವಿಡಿಯೊಗೆ ಗಿರಾಕಿ ಬರುವುದಿಲ್ಲ ಎಂದು ಬೀದರಿನಲ್ಲಿ ನನ್ನಂತೆಯೇ ಅಂಗಡಿಗಳಿಗೆ ಇಂಥ ವಿಡಿಯೊಗಳ ಸ್ಕ್ರಿಪ್ಟ್ ಬರೆಯುವ ಗೆಳೆಯರು ನನಗೆ ಹೇಳುತ್ತಲೇ ಇದ್ದರು. ಅವೆರಡೂ ಇಲ್ಲದ ಸ್ಕ್ರಿಪ್ಟ್ ಒಂದೇ ಸಂಜೆಯಲ್ಲಿ ಸುಮಾರು ಮೂವತ್ತು ಬಿದರಿ ಡಬ್ಬಿಗಳನ್ನು ಮಾರಿದ ಮೇಲೆ ಈಗ ಅವರೇ ಅದನ್ನು ಕೇಳಿ ಪಡೆಯುತ್ತಿದ್ದಾರೆ.

ಇದಕ್ಕೆ ಮೊದಲಿನ ಎರಡು ಸೇಲ್‌ಗಳು ಬಿದ್ದುಹೋಗಿದ್ದವು. ಹೂದಾನಿಗಳ ವಿಡಿಯೊದಲ್ಲಿ ಸತು ಮತ್ತು ತಾಮ್ರದ ಎರಕದಿಂದ ಹಿಡಿದು, ಕೋಟೆಯ ಮಣ್ಣಿನಲ್ಲಿ ಲೋಹ ಕಪ್ಪಾದರೂ ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುವ ತನಕ ಎಲ್ಲವನ್ನೂ ಹೇಳಿದ್ದೆವು. ಬೆಲೆ ಬರುವಷ್ಟರಲ್ಲಿ ನೋಡುವವರು ಮುಂದೆ ಸರಿದಿದ್ದರು, ಜಾಹೀರಾತಿಗೆ ಹಾಕಿದ ಸಾವಿರದ ಇನ್ನೂರು ರೂಪಾಯಿ ಹುಟ್ಟಲಿಲ್ಲ. ಪೆಂಡೆಂಟ್‌ಗಳ ವಿಡಿಯೊದಲ್ಲಿ ‘ಸ್ಟಾಕ್ ಕಡಿಮೆ ಇದೆ’ ಎಂದಷ್ಟೇ ಹೇಳಿದೆವು. ವಿಚಾರಣೆಗಳು ಬಂದವು, ಹಣ ಬರಲಿಲ್ಲ. ಎಷ್ಟು ಕಡಿಮೆ, ಏಕೆ ಕಡಿಮೆ ಎಂಬುದನ್ನು ಹೇಳದ ಮಾತನ್ನು ಯಾರೂ ನಂಬುವುದಿಲ್ಲ.

ಡಬ್ಬಿಗಳ ವಿಷಯದಲ್ಲಿ ಕಾರಣ ತಾನಾಗಿಯೇ ಇತ್ತು. ನನಗೆ ಕೆಲಸ ಕೊಟ್ಟ ಅಂಗಡಿಯಲ್ಲಿದ್ದ 38 ಡಬ್ಬಿಗಳು ಹಳೆಯ ದರದಲ್ಲಿ ಕೊಂಡ ಬೆಳ್ಳಿ ಕೂರಿಸಿದವು. ಬೆಳ್ಳಿ ಏರಿದ್ದರಿಂದ ಮರುದಿನ ಬೆಳಿಗ್ಗೆ ಹೊಸ ದರಪಟ್ಟಿ ಹಾಕುವುದೆಂದು ಮಾಲೀಕರು ಆಗಲೇ ತೀರ್ಮಾನಿಸಿದ್ದರು. ಸಾಗಣೆಯಲ್ಲಿ ಹಾಳಾದರೆ ಬದಲಿ ಕೊಡಲು ಎರಡನ್ನು ಎತ್ತಿಟ್ಟು ಉಳಿದವನ್ನು ಒಂದೇ ಬಟ್ಟೆಯ ಮೇಲೆ ಜೋಡಿಸಿ, ಕತ್ತರಿಸದ ಒಂದೇ ಶಾಟ್‌ನಲ್ಲಿ ತೋರಿಸಿದೆವು. ಅದರ ಮೇಲೆ ಬಂದ ಮಾತು ಇಷ್ಟೇ:

“ಮಾರಾಟಕ್ಕೆ ಇರುವುದು ಈ 36 ಡಬ್ಬಿಗಳು. ಹಳೆಯ ದರದ ಬೆಳ್ಳಿ ಕೂರಿಸಿದವಾದ್ದರಿಂದ ಬೆಲೆ 1,450 ರೂಪಾಯಿ. ಇಂದು ಶನಿವಾರ ರಾತ್ರಿ 10 ಗಂಟೆಯವರೆಗೆ ಇದೇ ಬೆಲೆ. ಆಮೇಲೆ ಉಳಿದವುಗಳಿಗೂ 1,800. ಹೊಸ ಡಬ್ಬಿಗಳು ಬರಲು ಒಂದು ತಿಂಗಳಾದರೂ ಬೇಕು.”

ಕೊನೆಯ ವಾಕ್ಯಕ್ಕೆ ಎಲ್ಲರ ಆಕ್ಷೇಪವಿತ್ತು. ಮತ್ತೆ ಬರುತ್ತವೆ ಎಂದು ನಾವೇ ಹೇಳಿದರೆ ಯಾರು ಆತುರಪಡುತ್ತಾರೆ ಎಂಬುದು ಅವರ ವಾದ. ಆದರೆ ಮಾಲು ಮತ್ತೆ ಬರುವುದು ನಿಜವಾಗಿರುವಾಗ ಅದನ್ನು ಮುಚ್ಚಿಟ್ಟರೆ 36 ಎಂಬ ಸಂಖ್ಯೆಯೂ ಅನುಮಾನಕ್ಕೆ ಬೀಳುತ್ತದೆ. ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ: ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ, ಅಂದರೆ ಆನ್‌ಲೈನ್‌ನಲ್ಲಿ ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರಗಳ ವಿರುದ್ಧ, 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ 13 ವಂಚನೆಗಳ ಪಟ್ಟಿಯಲ್ಲಿ ಮೊದಲನೆಯದೇ ಸುಳ್ಳು ಆತುರ, ಇರುವುದಕ್ಕಿಂತ ಕಡಿಮೆ ಮಾಲು ತೋರಿಸುವುದೂ ಅದರೊಳಗೇ ಬರುತ್ತದೆ.

ನಿಜವಾದ ತಲೆನೋವು ಬೇರೆಯೇ ಇದೆ. ಬೆಳಿಗ್ಗೆ ನಿಜವಾಗಿದ್ದ ವಿಡಿಯೊ ರಾತ್ರಿಗೆ ಸುಳ್ಳಾಗುತ್ತದೆ. ಒಮ್ಮೆ ಹಾಕಿದ ರೀಲ್‌ನ ದೃಶ್ಯವನ್ನು ಬದಲಿಸಲು ಬರುವುದಿಲ್ಲ, ಕ್ಯಾಪ್ಷನ್ ಬದಲಿಸಬಹುದು. ಆದ್ದರಿಂದ ವಿಡಿಯೊದ ಒಳಗೆ ಆರಂಭದ ಸಂಖ್ಯೆಯನ್ನು ಮಾತ್ರ ಹೇಳಿ, ‘ಈಗ ಉಳಿದಿರುವುದು’ ಎಂಬುದನ್ನು ಕ್ಯಾಪ್ಷನ್‌ನಲ್ಲಿ ಅರ್ಧ ಗಂಟೆಗೊಮ್ಮೆ ತಿದ್ದಿದೆವು. ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗುವ ವಿಡಿಯೊಗೆ ಕ್ಯಾಪ್ಷನ್ ಉಳಿಯುವ ಖಾತ್ರಿಯಿಲ್ಲವಾದ್ದರಿಂದ ತಾರೀಕು ಮತ್ತು ಮುಕ್ತಾಯದ ಸಮಯ ಮೊದಲಿನಿಂದ ಕೊನೆಯವರೆಗೆ ಚೌಕಟ್ಟಿನ ಮೇಲೇ ಇರಬೇಕು; ಇದು ಇಲ್ಲದಿದ್ದರೆ ಮೂರು ತಿಂಗಳ ಮೇಲೂ ಯಾರಾದರೂ 1,450ಕ್ಕೆ ಕೇಳಿಕೊಂಡು ಬರುತ್ತಾರೆ. ‘ನನಗೊಂದು ಬೇಕು’ ಎಂಬ ಸಂದೇಶಕ್ಕೆ ಸಂಖ್ಯೆಯನ್ನು ಇಳಿಸಲಿಲ್ಲ. ಹದಿನೈದು ನಿಮಿಷ ಕಾದು, ಯುಪಿಐ ಹಣ ಬಂದ ಮೇಲೆಯೇ ಇಳಿಸಿದೆವು.

ಅದೇ ಸ್ಕ್ರಿಪ್ಟನ್ನು ಹೈದರಾಬಾದಿನ ಗಿರಾಕಿಗಳಿಗಾಗಿ ದಖನಿ ಉರ್ದುವಿನಲ್ಲಿಯೂ ಮಾಡಿ ನೋಡಿದೆ. ಅಲ್ಲಿ ಬೆಲೆಗಿಂತ ಮೊದಲು ಬೆಳ್ಳಿಯ ಮಾತು ಬಂದಾಗ ಹೆಚ್ಚು ಜನ ನಿಂತು ನೋಡಿದರು, ಕನ್ನಡದಲ್ಲಿ ಸಂಖ್ಯೆಯೇ ಮೊದಲು ಬರಬೇಕಾಯಿತು. ಮೊದಲ ಮೂರು ಸೆಕೆಂಡುಗಳಲ್ಲಿ ನಾನು ಏನು ತೋರಿಸುತ್ತೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರ ಮೇಲಿದೆ.

ಹತ್ತು ಗಂಟೆಗೆ ಐದಾರು ಡಬ್ಬಿಗಳು ಉಳಿದಿದ್ದವು. ಹತ್ತೂ ಹತ್ತಕ್ಕೆ ಕಲಬುರಗಿಯಿಂದ ಒಬ್ಬರು ಎರಡು ಕೇಳಿದಾಗ ಮಾಲೀಕರು “ಹತ್ತು ನಿಮಿಷಕ್ಕ ಇಷ್ಟ್ಯಾಕ್ರಿ ಹಟ, ಕೊಟ್ಟ್ಬಿಡೂಣು” ಎಂದರು. ನಾನು ಒಪ್ಪಲಿಲ್ಲ, ಕೇಳಿದವರು ಸಿಟ್ಟಾದರು, ಎರಡು ಡಬ್ಬಿಗಳ ವ್ಯಾಪಾರ ಹೋಯಿತು. ಆದರೆ ಮುಂದಿನ ಸೇಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಮೊದಲ ಒಂದು ಗಂಟೆಯಲ್ಲೇ ಬಂತು, ಅದರಲ್ಲಿ ಆ ಕಲಬುರಗಿಯವರದೂ ಇತ್ತು.

ಅದೇ ಅಂಗಡಿಯವರು ಆಮೇಲೆ ಯಂತ್ರದಲ್ಲಾಗುವ ಕೀ ಚೈನ್‌ಗಳಿಗೂ ಇಂಥದೇ ಸ್ಕ್ರಿಪ್ಟ್ ಬೇಕೆಂದರು. ಎಷ್ಟು ಬೇಕೆಂದರೆ ಅಷ್ಟು ನಾಳೆಯೇ ತರಿಸಬಹುದಾದ ಮಾಲಿಗೆ ಹೇಳಲು ಸಂಖ್ಯೆಯೂ ಇಲ್ಲ, ಗಡುವೂ ಇಲ್ಲ. ಅದಕ್ಕೆ ಬೆಲೆ ಮತ್ತು ಅಂಗಡಿಯ ವಿಳಾಸವಷ್ಟೇ ಇರುವ ಹನ್ನೆರಡು ಸೆಕೆಂಡಿನ ಸಾದಾ ವಿಡಿಯೊ ಮಾಡಿಕೊಟ್ಟೆ, ಶುಲ್ಕವನ್ನೂ ಅರ್ಧವೇ ತೆಗೆದುಕೊಂಡೆ.