ಮಣ್ಣಿನ ಪಾಠದ ಸ್ಲೈಡುಗಳಿಂದ ಒಂದು ಕಾನ್ಸೆಪ್ಟ್ ಮ್ಯಾಪ್: ನನ್ನ ಅನುಭವ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಭಾರತದ ಮಣ್ಣುಗಳು ಅಂತ ಒಂದು ಪಾಠ ಇದೆ. ಅದಕ್ಕೆ ಯಾರೇ ಸ್ಲೈಡು ಮಾಡಲಿ, ಅಚ್ಚು ಹೆಚ್ಚುಕಡಿಮೆ ಒಂದೇ. ಮೆಕ್ಕಲು ಮಣ್ಣಿಗೆ ಒಂದು ಸ್ಲೈಡು, ಕಪ್ಪು ಮಣ್ಣಿಗೆ ಒಂದು, ಕೆಂಪು ಮಣ್ಣಿಗೆ ಒಂದು, ಜಂಬಿಟ್ಟಿಗೆ ಮಣ್ಣಿಗೆ ಒಂದು. ಪ್ರತಿಯೊಂದರಲ್ಲೂ ಅದು ಹೇಗೆ ಆಯಿತು, ಬಣ್ಣ ಏನು, ಗುಣ ಏನು, ಎಲ್ಲಿದೆ, ಯಾವ ಬೆಳೆ ಬರುತ್ತದೆ ಅಂತ ಸಾಲುಗಳು. ಮಕ್ಕಳು ಅದನ್ನು ಹಾಗೇ ಬಾಯಿಪಾಠ ಮಾಡುತ್ತಾರೆ. ಆಮೇಲೆ "ಮಳೆಗಾಲ ಮುಗಿದ ಮೇಲೆ ಬಿತ್ತುವ ಹಿಂಗಾರಿ ಜೋಳ ಎರಿ ಹೊಲದಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹೇಗೆ ಬರುತ್ತದೆ?" ಅಂತ ಕೇಳಿದರೆ ಸುಮ್ನೆ ನಿಲ್ಲುತ್ತಾರೆ. ಉತ್ತರಕ್ಕೆ ಬೇಕಾದ ಮಾತೆಲ್ಲ ಅದೇ ಸ್ಲೈಡಿನಲ್ಲಿದೆ. ಒಂದಕ್ಕೊಂದು ಕೂಡಿಸಿಲ್ಲ, ಅಷ್ಟೇ.

ನಾನು ಬೀದರ್ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಪಾಠ ಮಾಡುತ್ತೇನೆ. ಸ್ಲೈಡುಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿರುವ ವಿಷಯಗಳನ್ನು ಒಂದೇ ಕಾನ್ಸೆಪ್ಟ್ ಮ್ಯಾಪ್ ಮಾಡಿದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಬಗೆಯ ನಕ್ಷೆಯನ್ನು 1972ರ ಹೊತ್ತಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಜೊತೆಗಾರರು ರೂಪಿಸಿದರು. ವಿಜ್ಞಾನದ ವಿಷಯಗಳು ಮಕ್ಕಳ ತಲೆಯಲ್ಲಿ ಹೇಗೆ ಕೂತಿವೆ ಅಂತ ನೋಡಲು ಅವರಿಗೆ ಒಂದು ದಾರಿ ಬೇಕಿತ್ತು. ನಡುವೆ ಒಂದು ಹೆಸರು ಬರೆದು ಸುತ್ತ ಕೊಂಬೆ ಬಿಡಿಸುವ ಚಿತ್ರಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಪದಗಳನ್ನು ಡಬ್ಬಿಗಳಲ್ಲಿ ಬರೆದು ಗೆರೆ ಎಳೆದು ಸೇರಿಸುತ್ತೇವೆ, ಪ್ರತಿ ಗೆರೆಯ ಮೇಲೂ ಮಾತು ಇರಲೇಬೇಕು. ಡಬ್ಬಿ, ಗೆರೆಯ ಮಾತು, ಇನ್ನೊಂದು ಡಬ್ಬಿ, ಈ ಮೂರನ್ನೂ ಸೇರಿಸಿ ಓದಿದರೆ ಒಂದು ಪೂರ್ತಿ ವಾಕ್ಯ ಆಗಬೇಕು.

ಮೊದಲು ಮಾಡಬೇಕಾದದ್ದು ಪ್ರಶ್ನೆ ಬರೆಯುವುದು. ಪಾಠದ ಹೆಸರನ್ನೇ ಮೇಲೆ ಬರೆದರೆ ನಕ್ಷೆ ಮತ್ತೆ ಪಟ್ಟಿಯೇ ಆಗುತ್ತದೆ. ಭಾರತದ ಮಣ್ಣುಗಳು ಅಂತ ಬರೆದು ಕೆಳಗೆ ಸಾಲಾಗಿ ಡಬ್ಬಿ ಇಳಿಸಿದರೆ ಸ್ಲೈಡಿನಲ್ಲಿ ಇದ್ದದ್ದೇ ಬೇರೆ ಆಕಾರದಲ್ಲಿ ಬಂತು, ಅಷ್ಟೇ ಅಲ್ವಾ? ನಾನು ಹಾಳೆಯ ಮೇಲ್ಭಾಗದಲ್ಲಿ "ಒಂದು ಊರಿನ ಮಣ್ಣು ಹೀಗೇ ಇರಲು ಕಾರಣ ಏನು, ಅದರಿಂದ ಬೆಳೆಗೆ ಏನಾಗುತ್ತದೆ?" ಅಂತ ಬರೆದೆ. ಈ ಪ್ರಶ್ನೆಗೆ ಸಹಾಯ ಮಾಡದ ಯಾವ ಪದಕ್ಕೂ ನಕ್ಷೆಯಲ್ಲಿ ಜಾಗ ಇಲ್ಲ.

ಆಮೇಲೆ ಸ್ಲೈಡುಗಳನ್ನು ಒಂದು ಹಾಳೆಗೆ ಆರರಂತೆ ಪ್ರಿಂಟ್ ತೆಗೆದು, ಪೆನ್ಸಿಲಿನಿಂದ ಹೆಸರುಪದಗಳಿಗೆ ಮಾತ್ರ ಸುತ್ತು ಹಾಕಿದೆ. ರಾಶಿ ಪದ ಸಿಗುತ್ತವೆ. ಒಂದು ನಕ್ಷೆಗೆ 15ರಿಂದ 25 ಪದ ಸಾಕು. ಅದಕ್ಕಿಂತ ಜಾಸ್ತಿ ಆದರೆ ಹಿಂದಿನ ಬೆಂಚಿನ ಮಕ್ಕಳಿಗೆ ಅಕ್ಷರ ಕಾಣುವುದಿಲ್ಲ, ಗೆರೆಗಳು ಒಂದರ ಮೇಲೊಂದು ಹಾಯುತ್ತವೆ. ರಾಜ್ಯಗಳ ಹೆಸರುಗಳನ್ನು ಎಲ್ಲಕ್ಕಿಂತ ಮೊದಲು ತೆಗೆದುಹಾಕಿದೆ. ಯಾವ ಮಣ್ಣು ಯಾವ ರಾಜ್ಯದಲ್ಲಿದೆ ಅನ್ನೋದಕ್ಕೆ ಭಾರತದ ನಕಾಶೆಯೇ ಸರಿ. ಉಳಿದ ಪದಗಳನ್ನು ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಚೀಟಿ ಮಾಡಿದೆ. ಒಂದು ಚೀಟಿಗೆ ಒಂದೇ ಪದ: ಬಸಾಲ್ಟ್ ಶಿಲೆ, ಗ್ರಾನೈಟ್ ಶಿಲೆ, ಮಳೆ, ಕಪ್ಪು ಮಣ್ಣು, ಜಂಬಿಟ್ಟಿಗೆ ಮಣ್ಣು, ಜೇಡಿ ಕಣ, ಸುಣ್ಣ, ಕಬ್ಬಿಣದ ಆಕ್ಸೈಡ್, ತೇವ, ಬಿರುಕು, ಹಿಂಗಾರಿ ಜೋಳ, ಹೀಗೆ. ಸ್ಲೈಡಿನ ಪೂರ್ತಿ ಸಾಲನ್ನು ಒಂದೇ ಚೀಟಿಗೆ ಬರೆಯಬಾರದು. "ತೇವ ಹಿಡಿದಿಡುವ ಗುಣ" ಅಂತ ಬರೆದರೆ ಗೆರೆಯ ಮೇಲೆ ಬರಬೇಕಾದ ಮಾತು ಡಬ್ಬಿಯೊಳಗೇ ಮುಗಿದುಹೋಗುತ್ತದೆ.

ಎಲ್ಲಿ ಸೇರಿಸಬೇಕು ಅಂತ ತಿಳಿಯದ ಚೀಟಿಗಳನ್ನು ಚಾರ್ಟಿನ ಬಲ ಅಂಚಿನಲ್ಲಿ ಸಾಲಾಗಿ ಇಡುತ್ತೇನೆ. ಎಲ್ಲವನ್ನೂ ಬಳಸಬೇಕು ಅಂತೇನಿಲ್ಲ. ಸ್ಲೈಡು ಯಾವ ವಿಷಯ ಹೇಳಿ ಅದರ ಕಾರಣ ಬಿಟ್ಟಿದೆ ಅನ್ನೋದು ಆ ಅಂಚಿನ ಸಾಲು ನೋಡಿದರೆ ಗೊತ್ತಾಗುತ್ತದೆ. ನನ್ನ ಚಾರ್ಟಿನಲ್ಲಿ ‘ಬಿರುಕು’ ಬಹಳ ಹೊತ್ತು ಅಲ್ಲೇ ಕೂತಿತ್ತು. ಬೇಸಿಗೆಯಲ್ಲಿ ಕಪ್ಪು ಮಣ್ಣು ಬಿರುಕು ಬಿಡುತ್ತದೆ ಅಂತ ಸ್ಲೈಡಿನಲ್ಲಿ ಇತ್ತು, ಯಾಕೆ ಅಂತ ಇರಲಿಲ್ಲ. ಈ ಮಣ್ಣಿನ ಜೇಡಿ ಕಣ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು. ಹಾಗಾಗಿ ಬಿರುಕೂ ತೇವವೂ ಒಂದೇ ಜೇಡಿ ಕಣದಿಂದ ಹೊರಡುತ್ತವೆ. ಎರಡು ಗೆರೆ ಎಳೆದ ಮೇಲೆ ಆ ಚೀಟಿಗೆ ಜಾಗ ಸಿಕ್ಕಿತು.

ಗೆರೆಯ ಮೇಲಿನ ಮಾತು ಕನ್ನಡದಲ್ಲಿ ಸ್ವಲ್ಪ ತೊಡಕು ಕೊಡುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದನ್ನು ಎರಡು ಡಬ್ಬಿಯ ನಡುವೆ ಹಾಕಿದರೆ ಮಕ್ಕಳು ಓದುವಾಗ ಎಡವುತ್ತಾರೆ. "ಕಪ್ಪು ಮಣ್ಣು, ಹಿಡಿದಿಡುತ್ತದೆ, ತೇವ" ಅನ್ನೋದು ಬಾಯಿಗೆ ಬರುವ ಮಾತಲ್ಲ. "ಹಿಡಿದಿಡುವುದು", "ಸವೆದು ಆದದ್ದು", "ಇದರಿಂದ ಬರುವುದು" ಅಂತ ಬರೆದರೆ ಸರಾಗವಾಗಿ ಓದಬಹುದು. ನನ್ನ ನಕ್ಷೆಯ ಕಪ್ಪು ಮಣ್ಣಿನ ಭಾಗ ಹೀಗಿದೆ:

ಬಸಾಲ್ಟ್ ಶಿಲೆ — ಸವೆದು ಆದದ್ದು → ಕಪ್ಪು ಮಣ್ಣು
ಕಪ್ಪು ಮಣ್ಣು — ಇದರಲ್ಲಿ ಜಾಸ್ತಿ ಇರುವುದು → ಜೇಡಿ ಕಣ
ಜೇಡಿ ಕಣ — ಹಿಡಿದಿಡುವುದು → ತೇವ
ಜೇಡಿ ಕಣ — ಒಣಗಿ ಕುಗ್ಗಿದಾಗ ಬಿಡುವುದು → ಬಿರುಕು
ತೇವ — ಮಳೆ ನಿಂತ ಮೇಲೂ ಬೆಳೆಸುವುದು → ಹಿಂಗಾರಿ ಜೋಳ

ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರೆ ಆಯಿತು. ತೊಗರಿ ನಿಂತ ನೀರು ತಡೆಯುವುದಿಲ್ಲ ಅಂತ ನಮ್ಮ ಮಕ್ಕಳಿಗೆ ಮನೆಯಿಂದಲೇ ಗೊತ್ತು. ಅದನ್ನೂ ಸೇರಿಸಿದೆವು: ಜೇಡಿ ಕಣ, ಮಳೆ ಜಾಸ್ತಿ ಆದಾಗ ಹೊರಗೆ ಬಿಡದಿರುವುದು, ನಿಂತ ನೀರು. ಅಲ್ಲಿಂದ ತೊಗರಿಗೆ ಇನ್ನೊಂದು ಗೆರೆ. ಸ್ಲೈಡಿನಲ್ಲಿ ಬರೀ ಒಳ್ಳೆಯ ಗುಣ ಅಂತ ಇದ್ದದ್ದು ಕೆಟ್ಟ ವರ್ಷದಲ್ಲಿ ಹೊಲಕ್ಕೆ ಏನು ಮಾಡುತ್ತದೆ ಅನ್ನೋದು ಹೀಗೆ ನಕ್ಷೆಗೆ ಬಂತು.

ನಿಜವಾದ ಬೆಲೆ ಅಡ್ಡ ಗೆರೆಗಳಲ್ಲಿದೆ. ಒಂದು ಸ್ಲೈಡಿನ ಪದವನ್ನು ಇನ್ನೊಂದು ಸ್ಲೈಡಿನ ಪದಕ್ಕೆ ಸೇರಿಸುವ ಗೆರೆಗೆ ಅಡ್ಡ ಗೆರೆ ಅನ್ನುತ್ತೇನೆ. ಕಪ್ಪು ಮಣ್ಣಿನ ಸ್ಲೈಡಿನಲ್ಲಿ ಬಸಾಲ್ಟ್ ಇತ್ತು. ಜಂಬಿಟ್ಟಿಗೆ ಮಣ್ಣಿನ ಸ್ಲೈಡಿನಲ್ಲಿ ಬರೀ ಜಾಸ್ತಿ ಮಳೆ, ಜಾಸ್ತಿ ಉಷ್ಣಾಂಶ ಅಂತ ಇತ್ತು, ಕಲ್ಲಿನ ಹೆಸರಿಲ್ಲ. ಜಂಬಿಟ್ಟಿಗೆ ಬೇರೆ ಕಲ್ಲುಗಳಿಂದಲೂ ಆಗುತ್ತದೆ. ಆದರೆ ಬೀದರ್ ಕೂತಿರುವ ಜಂಬಿಟ್ಟಿಗೆ ಪ್ರಸ್ಥಭೂಮಿ ಹುಟ್ಟಿದ್ದು ಬಸಾಲ್ಟಿನಿಂದಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಅದೇ ಕಲ್ಲು. ಹಾಗಾಗಿ ಬಸಾಲ್ಟ್ ಚೀಟಿಯನ್ನು ಎರಡು ಮಣ್ಣುಗಳ ನಡುವೆ ಮೇಲಕ್ಕೆ ತಂದು, ಅದರಿಂದ ಎರಡು ಗೆರೆ ಇಳಿಸಿದೆ. ಒಂದರ ಮೇಲೆ "ಸುಣ್ಣ, ಮೆಗ್ನೀಷಿಯಂ ಉಳಿದಾಗ ಆದದ್ದು", ಅದು ಕಪ್ಪು ಮಣ್ಣಿಗೆ. ಇನ್ನೊಂದರ ಮೇಲೆ "ಸುಣ್ಣ, ಸಿಲಿಕಾ ಮಳೆಗೆ ಬಸಿದುಹೋದಾಗ ಆದದ್ದು", ಅದು ಜಂಬಿಟ್ಟಿಗೆಗೆ. ಬಸಿದುಹೋಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್. ಅದಕ್ಕೇ ಆ ಮಣ್ಣು ಕೆಂಪು, ಅದಕ್ಕೇ ಅದರಲ್ಲಿ ಸಾರ ಕಡಿಮೆ. ಒಂದೇ ಕಲ್ಲು, ಎರಡು ಮಣ್ಣು. ಎರಡು ಸ್ಲೈಡು ಬೇರೆ ಬೇರೆ ತೋರಿಸಿದರೆ ಇದು ಕಾಣುವುದೇ ಇಲ್ಲ.

ಈ ಗೆರೆ ಎಳೆದ ಕೂಡಲೇ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಬೀದರ್‌ದಾಗ ಅಷ್ಟು ಮಳಿ ಎಲ್ಲಿ ಆಗ್ತದ್ರೀ?" ಸರಿಯಾದ ಪ್ರಶ್ನೆ. ನಮ್ಮಲ್ಲಿ ಮಲೆನಾಡಿನಂಥ ಮಳೆ ಇಲ್ಲ. ಈ ಜಂಬಿಟ್ಟಿಗೆ ಆದದ್ದು ಈಗಿನ ಹವೆಯಲ್ಲಿ ಅಲ್ಲ, ಬಹಳ ಹಿಂದೆ, ಇಲ್ಲಿ ಬಿಸಿಯೂ ಮಳೆಯೂ ಜಾಸ್ತಿ ಇದ್ದ ಕಾಲದಲ್ಲಿ. ಅವಳ ಕೈಯಲ್ಲೇ ‘ಮಳೆ’ ಚೀಟಿ ತೆಗೆಸಿ, ‘ಹಿಂದಿನ ಹವೆ’, ‘ಈಗಿನ ಹವೆ’ ಅಂತ ಎರಡು ಚೀಟಿ ಬರೆಸಿದೆ. ಸ್ಲೈಡು ಓದಿಸಿದಾಗ ಈ ಪ್ರಶ್ನೆ ಯಾವ ವರ್ಷವೂ ಬಂದಿರಲಿಲ್ಲ. ಗೆರೆಯ ಮೇಲೆ ಕಾರಣ ಬರೆದಾಗಲೇ ಆ ಕಾರಣ ನಮ್ಮ ಊರಿಗೆ ಹೊಂದುತ್ತದಾ ಅಂತ ಮಕ್ಕಳು ನೋಡುತ್ತಾರೆ. ಅಲ್ಲಿಂದ ಮುಂದೆ ಅವರೇ ಸೇರಿಸಿದರು. ಕೋಟೆಯ ಕಂದಕ ಕೊರೆದದ್ದು ಈ ಕೆಂಪು ಕಲ್ಲಿನಲ್ಲೇ. ಈ ಕಲ್ಲಿನೊಳಗೆ ನೀರು ಇಳಿಯುತ್ತದೆ, ಕೆಳಗಿನ ಗಟ್ಟಿ ಬಸಾಲ್ಟ್ ಅದನ್ನು ತಡೆಯುತ್ತದೆ. ಬೀದರಿನ ಝರಿಗಳಿಗೂ, ನೌಬಾದಿನ ಕರೇಜ್ ಅನ್ನೋ ನೆಲದಡಿಯ ಹಳೆಯ ನೀರಿನ ಸುರಂಗಕ್ಕೂ ನೀರು ಬರಲು ಇದೇ ಕಾರಣ ಅಂತ ಹೇಳಿದಾಗ ಇನ್ನೊಂದು ಅಡ್ಡ ಗೆರೆ ಬಿತ್ತು.

ಚಾರ್ಟ್ ಮುಗಿದ ಮೇಲೆ ಸ್ಲೈಡಿಗೆ ಹಾಕುವಾಗ ಲಿಬ್ರೆಆಫೀಸ್ ಇಂಪ್ರೆಸ್ ಬಳಸುತ್ತೇನೆ. ಅದರಲ್ಲಿ ಸಾದಾ ಗೆರೆ ಎಳೆಯಬೇಡಿ, ಕನೆಕ್ಟರ್ ಬಳಸಿ. ಅದು ಡಬ್ಬಿಗೆ ಅಂಟಿಕೊಳ್ಳುತ್ತದೆ, ಡಬ್ಬಿ ಸರಿಸಿದರೆ ಗೆರೆಯೂ ಬರುತ್ತದೆ. ಇದಕ್ಕೇ ಮಾಡಿದ CmapTools ಅನ್ನೋ ಉಚಿತ ಸಾಫ್ಟ್‌ವೇರ್ ಕೂಡ ಇದೆ. ಪೂರ್ತಿ ನಕ್ಷೆಯನ್ನು ಒಂದೇ ಸಲಕ್ಕೆ ತೋರಿಸಬಾರದು. ಒಂದೇ ಸ್ಲೈಡಿನ ನಾಲ್ಕು ಪ್ರತಿ ಮಾಡಿ, ಮೊದಲನೆಯದರಲ್ಲಿ ಕಲ್ಲು ಮತ್ತು ಮಣ್ಣು ಮಾತ್ರ ಉಳಿಸಿ, ಎರಡನೆಯದರಲ್ಲಿ ಹವೆ, ಮೂರನೆಯದರಲ್ಲಿ ಗುಣ, ಕೊನೆಯದರಲ್ಲಿ ಬೆಳೆ ಸೇರಿಸುತ್ತಾ ಹೋಗುತ್ತೇನೆ. ಡಬ್ಬಿಗಳ ಜಾಗ ನಾಲ್ಕರಲ್ಲೂ ಒಂದೇ ಇರಬೇಕು. ಜಾಗ ಬದಲಾದರೆ ಮಕ್ಕಳ ಕಣ್ಣು ಮತ್ತೆ ಮೊದಲಿನಿಂದ ಹುಡುಕುತ್ತದೆ.

ಕಣ್ಣಿಂದ ಕಲಿಯುವ ಮಕ್ಕಳಿಗೆ ಮಾತ್ರ ಇದು ಅಂತ ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಮಕ್ಕಳನ್ನು ಹಾಗೆ ಗುಂಪು ಮಾಡಿ ಅವರವರ ಶೈಲಿಗೆ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸರಿಯಾದ ಪುರಾವೆ ಇಲ್ಲ ಅಂತ 2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಜೊತೆಗಾರರ ಪರಿಶೀಲನೆ ತೋರಿಸಿತು. ಚಿತ್ರ ಇಷ್ಟಪಡುವ ಮಕ್ಕಳು ನಕ್ಷೆಗೆ ಬೇಗ ಕೈ ಹಾಕುತ್ತಾರೆ, ಅದು ನಿಜ. ಆದರೆ ನಾನು ಮಾಡಿಟ್ಟ ನಕ್ಷೆಯನ್ನು ಚೆಂದಾಗಿ ಬಣ್ಣ ಹಾಕಿ ನಕಲು ಮಾಡಿದವರಿಗೂ "ಜಂಬಿಟ್ಟಿಗೆಯಲ್ಲಿ ಸಾರ ಯಾಕೆ ಕಡಿಮೆ?" ಅಂದರೆ ಉತ್ತರ ಬರಲಿಲ್ಲ. ಚೀಟಿ ಸರಿಸಿ ಜಗಳವಾಡಿದ ಗುಂಪು ಹೇಳಿತು. ಬಣ್ಣವನ್ನು ಈಗ ಒಂದೇ ಕೆಲಸಕ್ಕೆ ಬಳಸುತ್ತೇನೆ, ಅಡ್ಡ ಗೆರೆಗಳಿಗೆ ಕೆಂಪು. ಬೇರೆಲ್ಲ ಕಪ್ಪು.

ಮಕ್ಕಳ ನಕ್ಷೆ ನೋಡುವಾಗ ಗೆರೆಯ ಮಾತನ್ನೇ ಮೊದಲು ಓದುತ್ತೇನೆ. "ಸಂಬಂಧ ಇದೆ", "ವಿಧ", "ಗುಣ" ಅಂತಲೇ ತುಂಬಿದ್ದರೆ ಅರ್ಥ ಆಗಿಲ್ಲ. ಮೂರೂ ಸೇರಿಸಿ ಓದಿದಾಗ ಅದು ಸರಿಯೋ ತಪ್ಪೋ ಅಂತ ವಾದ ಮಾಡುವಂತಿದ್ದರೆ ಅದು ಒಳ್ಳೆಯ ಗೆರೆ. ಒಂದು ಗುಂಪು "ಮಳೆ, ಜಾಸ್ತಿ ಆದಷ್ಟೂ ಹೆಚ್ಚಿಸುವುದು, ಮಣ್ಣಿನ ಸಾರ" ಅಂತ ಬರೆದಿತ್ತು. ಅದು ತಪ್ಪು, ಆದರೆ ಬರೆದಿದ್ದರಿಂದ ಸಿಕ್ಕಿತು. "ಸಂಬಂಧ ಇದೆ" ಅಂದಿದ್ದರೆ ಆ ತಪ್ಪು ಪರೀಕ್ಷೆಯವರೆಗೂ ಅಡಗಿ ಕೂರುತ್ತಿತ್ತು.

ಒಂದು ವಾರ ಬಿಟ್ಟು ಅದೇ ನಕ್ಷೆಯಲ್ಲಿ ಡಬ್ಬಿಗಳನ್ನು ಹಾಗೇ ಇಟ್ಟು, ಗೆರೆಯ ಮಾತುಗಳನ್ನು ಅಳಿಸಿ ಝೆರಾಕ್ಸ್ ಕೊಡುತ್ತೇನೆ. ಎಲ್ಲಕ್ಕಿಂತ ಹೆಚ್ಚಾಗಿ ಖಾಲಿ ಉಳಿಯುವುದು ಬಸಾಲ್ಟಿನಿಂದ ಇಳಿದ ಆ ಎರಡು ಗೆರೆಗಳೇ. ಮರುದಿನದ ತರಗತಿಯನ್ನು ಅಲ್ಲಿಂದ ಶುರು ಮಾಡುತ್ತೇನೆ.